ಎಣ್ಣೆ ಉಚಿತ, ಮೇಲೆ 5,000 ರೂಪಾಯಿ: ‘ಇದು ಜಾಹೀರಾತು’ ಅಂತ ಎಲ್ಲಿ, ಹೇಗೆ ಹೇಳಬೇಕು?

ಪ್ರಶ್ನೆ: ನಾನು ಚಿಂತಾಮಣಿಯವಳು. ಅಡುಗೆ ವಿಡಿಯೋ ಮಾಡುತ್ತೇನೆ. ಇನ್‌ಸ್ಟಾಗ್ರಾಮ್‌ನಲ್ಲಿ 38 ಸಾವಿರ ಜನ ಫಾಲೋ ಮಾಡುತ್ತಾರೆ. ನಮ್ಮ ಕಡೆಯ ಒಂದು ಗಾಣದವರು ಆರು ತಿಂಗಳಿಂದ ಕಡಲೆಕಾಯಿ ಎಣ್ಣೆ ಉಚಿತವಾಗಿ ಕೊಡುತ್ತಿದ್ದಾರೆ. ಈಗ ಒಂದು ರೀಲ್‌ಗೆ 5,000 ರೂಪಾಯಿ ಕೊಡುತ್ತೇವೆ, ಆದರೆ ಜಾಹೀರಾತು ಅಂತ ಹಾಕಬೇಡಿ, ವ್ಯೂಸ್ ಬಿದ್ದು ಹೋಗುತ್ತೆ, ಕೊನೆಯಲ್ಲಿ #collab ಅಂತ ಹಾಕಿದರೆ ಸಾಕು ಅನ್ನುತ್ತಿದ್ದಾರೆ. ಎಣ್ಣೆ ನಿಜವಾಗಿಯೂ ಚೆನ್ನಾಗಿದೆ, ಸುಳ್ಳು ಹೇಳುತ್ತಿಲ್ಲ. ಆದರೆ ಮೊನ್ನೆ ಒಬ್ಬರು ಆಂಟಿ ‘ನೀನು ಬಳಸ್ತೀಯ ಅಂತ ನಾನೂ ಐದು ಲೀಟರ್ ತರಿಸಿದೆ ಕಣಮ್ಮ’ ಅಂತ ಮೆಸೇಜ್ ಮಾಡಿದರು. ಅಲ್ಲಿಂದ ಮನಸ್ಸಿಗೆ ಸಮಾಧಾನ ಇಲ್ಲ. ನನ್ನಂಥ ಸಣ್ಣವರಿಗೂ ರೂಲ್ಸ್ ಇದೆಯಾ? ಹಳೇ ವಿಡಿಯೋಗಳನ್ನು ಏನು ಮಾಡಲಿ?

ಉತ್ತರ: ಆ ಆಂಟಿಯ ಮಾತನ್ನು ಇನ್ನೊಮ್ಮೆ ಓದಿ. ‘ಎಣ್ಣೆ ಚೆನ್ನಾಗಿದೆ ಅಂತ ತರಿಸಿದೆ’ ಅಂತ ಅವರು ಹೇಳಿಲ್ಲ. ‘ನೀನು ಬಳಸ್ತೀಯ ಅಂತ’ ಅಂದಿದ್ದಾರೆ. ಅವರ ಮನಸ್ಸಿನಲ್ಲಿ ನೀವು ಅಂಗಡಿಗೆ ಹೋಗಿ, ನಾಲ್ಕು ಎಣ್ಣೆ ನೋಡಿ, ನಿಮ್ಮ ದುಡ್ಡು ಕೊಟ್ಟು ಇದನ್ನು ಆರಿಸಿಕೊಂಡವರು. ಡಬ್ಬ ಉಚಿತವಾಗಿ ಮನೆಗೆ ಬಂದದ್ದು ಅವರಿಗೆ ಗೊತ್ತಿಲ್ಲ. ಗೊತ್ತಿದ್ದರೂ ಕೊಳ್ಳುತ್ತಿದ್ದರೋ ಏನೋ. ಆದರೆ ಮೊದಲು ಒಂದು ಲೀಟರ್ ತರಿಸಿ ನೋಡುತ್ತಿದ್ದರು, ಅಲ್ವಾ? ಆ ಒಂದು ಲೀಟರ್‌ಗೂ ಐದು ಲೀಟರ್‌ಗೂ ಇರುವ ವ್ಯತ್ಯಾಸಕ್ಕಾಗಿಯೇ ಈ ನಿಯಮ ಇರುವುದು. ಎಣ್ಣೆ ಒಳ್ಳೆಯದೋ ಕೆಟ್ಟದ್ದೋ ಅನ್ನುವುದು ಬೇರೆ ಪ್ರಶ್ನೆ.

ನಾನು ತುಮಕೂರಿನಲ್ಲಿ ಕೂತು ಸಣ್ಣ ವ್ಯಾಪಾರಿಗಳಿಗೂ ವಿಡಿಯೋ ಮಾಡುವವರಿಗೂ ನಡುವೆ ಒಪ್ಪಂದ ಬರೆದುಕೊಡುವ ಕೆಲಸ ಮಾಡುತ್ತೇನೆ. ‘ನನ್ನ ಅಭಿಪ್ರಾಯ ಪ್ರಾಮಾಣಿಕವಾಗಿದೆ, ಹಾಗಾಗಿ ಹೇಳಬೇಕಿಲ್ಲ’ ಅನ್ನುವ ಮಾತನ್ನು ವಾರಕ್ಕೊಮ್ಮೆಯಾದರೂ ಕೇಳುತ್ತೇನೆ. ಇದು ತಪ್ಪು ತಿಳಿವಳಿಕೆ. ಪ್ರಾಮಾಣಿಕ ಅಭಿಪ್ರಾಯ ಇರಲೇಬೇಕು, ಅದು ಒಂದು ಷರತ್ತು. ದುಡ್ಡು ಅಥವಾ ವಸ್ತು ಬಂದಿದೆ ಅಂತ ಹೇಳಬೇಕು, ಅದು ಇನ್ನೊಂದು ಷರತ್ತು. ಒಂದನ್ನು ಪಾಲಿಸಿದರೆ ಇನ್ನೊಂದಕ್ಕೆ ರಿಯಾಯಿತಿ ಸಿಗುವುದಿಲ್ಲ.

ನಿಯಮ ಎಲ್ಲಿಂದ ಬಂತು ಅಂತ ಚಿಕ್ಕದಾಗಿ ಹೇಳಿಬಿಡುತ್ತೇನೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಕೆಳಗೆ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಅಂತ ಒಂದು ಸಂಸ್ಥೆ ಇದೆ. ದಾರಿ ತಪ್ಪಿಸುವ ಜಾಹೀರಾತುಗಳ ಬಗ್ಗೆ ಅದು 2022ರ ಜೂನ್‌ನಲ್ಲಿ ಮಾರ್ಗಸೂಚಿ ಹೊರಡಿಸಿತು. 2023ರ ಜನವರಿಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ವಿಡಿಯೋ ಮಾಡುವವರಿಗೆಂದೇ ಸರಳವಾದ ಒಂದು ಕೈಪಿಡಿ ತಂದಿತು. ಇದರ ಜೊತೆಗೆ ಜಾಹೀರಾತು ಉದ್ಯಮದವರೇ ಕಟ್ಟಿಕೊಂಡ ಆಸ್ಕಿ ಅನ್ನುವ ಮಂಡಳಿ ಇದೆ. ಲೇಬಲ್ ಎಷ್ಟು ಸೆಕೆಂಡು ಇರಬೇಕು ಅನ್ನುವ ಲೆಕ್ಕ ಅವರು 2021ರಲ್ಲಿ ಮಾಡಿದ ನಿಯಮದಲ್ಲಿದೆ.

‘ಸಣ್ಣವರಿಗೂ ಇದೆಯಾ’ ಅಂದಿರಿ. ಇದೆ. ಇಷ್ಟು ಸಾವಿರ ಫಾಲೋವರ್ಸ್ ಆದ ಮೇಲೆ ಮಾತ್ರ ಅನ್ವಯ ಅನ್ನುವ ಗಡಿ ಇವುಗಳಲ್ಲಿ ಇಲ್ಲ. ನೋಡುವುದು ಒಂದೇ ವಿಷಯ: ನಿಮಗೂ ಆ ವ್ಯಾಪಾರಿಗೂ ನಡುವೆ ನೋಡುಗರಿಗೆ ಗೊತ್ತಿಲ್ಲದ ನಂಟು ಇದೆಯಾ, ಅದು ಗೊತ್ತಾದರೆ ಅವರು ನಿಮ್ಮ ಮಾತನ್ನು ಬೇರೆ ರೀತಿ ತೂಗುತ್ತಾರಾ ಅಂತ. ದುಡ್ಡು ಒಂದೇ ನಂಟಲ್ಲ. ಉಚಿತ ವಸ್ತು, ರಿಯಾಯಿತಿ, ಹೋಟೆಲ್ ವಾಸ, ಪ್ರವಾಸ, ಕೊನೆಗೆ ಕೇಳದೇ ಮನೆಗೆ ಬಂದ ಪಾರ್ಸೆಲ್ ಕೂಡ ಲೆಕ್ಕಕ್ಕೆ ಬರುತ್ತದೆ. ಮನೆಯವರ ಸಂಬಂಧವೂ ಬರುತ್ತದೆ. ನಾಳೆ ಶಿಡ್ಲಘಟ್ಟದಲ್ಲಿ ನಿಮ್ಮ ಭಾವನ ಸೀರೆ ಅಂಗಡಿಯನ್ನು ಒಂದು ಪೈಸೆ ಇಸ್ಕೊಳ್ಳದೆ ತೋರಿಸಿದರೂ ‘ಇದು ನಮ್ಮ ಭಾವನ ಅಂಗಡಿ’ ಅಂತ ಹೇಳಬೇಕು. ಹಾಗಾಗಿ ನಿಮ್ಮ ವಿಷಯದಲ್ಲಿ ಲೆಕ್ಕ 5,000 ರೂಪಾಯಿಯಿಂದ ಶುರುವಾಗುವುದಿಲ್ಲ, ಮೊದಲನೇ ಉಚಿತ ಡಬ್ಬದಿಂದಲೇ ಶುರುವಾಗಿದೆ.

ಈಗ ಆ #collab ವಿಷಯ. ಕ್ಯಾಪ್ಷನ್‌ನ ಕೊನೆಯಲ್ಲಿ ಹತ್ತು ಹ್ಯಾಷ್‌ಟ್ಯಾಗ್ ನಡುವೆ ಸೇರಿಸುವುದನ್ನು ಇಲಾಖೆಯ ಕೈಪಿಡಿ ಒಪ್ಪುವುದಿಲ್ಲ. ಹ್ಯಾಷ್‌ಟ್ಯಾಗ್ ಮತ್ತು ಲಿಂಕ್‌ಗಳ ಗುಂಪಿನಲ್ಲಿ ಬೆರೆಸಬಾರದು ಅಂತ ಸ್ಪಷ್ಟವಾಗಿದೆ. ವಿಡಿಯೋ ಆದರೆ ವಿವರಣೆಯಲ್ಲಿ ಬರೆದರೆ ಸಾಲದು, ವಿಡಿಯೋದ ಒಳಗೇ ಇರಬೇಕು. ಕಣ್ಣಿಗೂ ಕಾಣಬೇಕು, ಕಿವಿಗೂ ಕೇಳಬೇಕು. ಜನ ಹೇಗೆ ನೋಡುತ್ತಾರೆ ಅಂತ ಯೋಚಿಸಿದರೆ ಕಾರಣ ತಾನಾಗಿಯೇ ಹೊಳೆಯುತ್ತದೆ. ಬಸ್ಸಿನಲ್ಲಿ ಕೂತವರು ಸೌಂಡ್ ಮ್ಯೂಟ್ ಮಾಡಿ ನೋಡುತ್ತಾರೆ. ಒಲೆ ಮುಂದೆ ನಿಂತವರು ಫೋನನ್ನು ಡಬ್ಬಕ್ಕೆ ಒರಗಿಸಿ ಬರೀ ಕೇಳುತ್ತಿರುತ್ತಾರೆ. ಇಬ್ಬರಿಗೂ ತಲುಪಬೇಕು. ಕ್ಯಾಪ್ಷನ್ ತೆರೆದು ಕೊನೆವರೆಗೂ ಓದುವವರು ಇಬ್ಬರಲ್ಲೂ ಯಾರೂ ಇಲ್ಲ.

ಪದದ ಆಯ್ಕೆಯೂ ಮುಖ್ಯ. ‘ಕೊಲ್ಯಾಬರೇಶನ್’ ಅಥವಾ ‘ಪಾರ್ಟ್‌ನರ್‌ಶಿಪ್’ ಅನ್ನುವುದನ್ನು ನಿಯಮ ಒಪ್ಪುತ್ತದೆ, ನಿಜ. ಆದರೆ ನಾನು ವಿಡಿಯೋ ಒಪ್ಪಿಸುವ ಮುಂಚೆ ಮನೆಯಲ್ಲಿ ನಮ್ಮ ಅತ್ತೆಗೆ ತೋರಿಸುತ್ತೇನೆ. ಅವರಿಗೆ ಅರವತ್ತೆಂಟು. ಒಮ್ಮೆ ಮೂಲೆಯಲ್ಲಿ ‘ಕೊಲ್ಯಾಬ್’ ಅಂತ ಇದ್ದ ರೀಲ್ ತೋರಿಸಿ ‘ಇದು ಏನು ಹೇಳ್ತಿದೆ ಅತ್ತೆ?’ ಅಂದೆ. ಕನ್ನಡಕ ಸರಿಮಾಡಿಕೊಂಡು ನೋಡಿ, ‘ಹಿಂದೆ ಬರ್ತಿರೋ ಹಾಡಿನ ಹೆಸರಿರಬೇಕು’ ಅಂದರು. ಅದನ್ನು ತೆಗೆದು ‘ಜಾಹೀರಾತು’ ಅಂತ ಹಾಕಿದೆ. ‘ಓ, ದುಡ್ಡು ಕೊಟ್ಟು ಮಾಡಿಸಿದಾರೆ’ ಅಂದರು. ಪೇಪರ್ ಓದಿದವರಿಗೆ, ರೇಡಿಯೋ ಕೇಳಿದವರಿಗೆ ಈ ಪದ ಹೊಸದಲ್ಲ. ‘ಪ್ರಾಯೋಜಿತ’ ಅನ್ನುವುದನ್ನು ನಾನು ಬಳಸುವುದಿಲ್ಲ. ಅದು ಸರಿಯಾದ ಪದವೇ, ಆದರೆ ಒಂದು ಕ್ಷಣ ನಿಂತು ಅರ್ಥ ಮಾಡಿಕೊಳ್ಳಬೇಕು. ರೀಲ್‌ನಲ್ಲಿ ಆ ಒಂದು ಕ್ಷಣ ಯಾರೂ ಕೊಡುವುದಿಲ್ಲ.

ನೀವು ಯಾವ ಭಾಷೆಯಲ್ಲಿ ಮಾತಾಡುತ್ತೀರೋ ಅದೇ ಭಾಷೆಯಲ್ಲಿ ಹೇಳಬೇಕು. ನಿಮ್ಮ ಊರಿನ ಕಡೆ ಇದನ್ನು ಸ್ವಲ್ಪ ಜಾಸ್ತಿ ಗಮನಿಸಬೇಕು. ಚಿಂತಾಮಣಿ, ಬಾಗೇಪಲ್ಲಿ ಕಡೆ ಅರ್ಧ ಕನ್ನಡ, ಅರ್ಧ ತೆಲುಗು ಮಾತಾಡುವ ವಿಡಿಯೋಗಳು ತುಂಬ. ಎಣ್ಣೆಯ ಗುಣ ಹೇಳುವ ಭಾಗ ತೆಲುಗಿನಲ್ಲಿದ್ದರೆ ದುಡ್ಡಿನ ಮಾತೂ ತೆಲುಗಿನಲ್ಲಿ ಒಮ್ಮೆ ಬರಲಿ. ಕನ್ನಡದಲ್ಲಿ ಅಡುಗೆ, ಇಂಗ್ಲಿಷಿನಲ್ಲಿ ಸಣ್ಣ ಲೇಬಲ್, ಇದು ನಾನು ಅತಿ ಹೆಚ್ಚು ನೋಡುವ ತಪ್ಪು.

ಸರಿ, ನಿಮ್ಮ ರೀಲನ್ನೇ ತೆಗೆದುಕೊಂಡು ಮಾಡಿ ನೋಡೋಣ. 48 ಸೆಕೆಂಡಿನದು ಅಂತ ಇಟ್ಟುಕೊಳ್ಳಿ. ಚಿತ್ರಾನ್ನದ ಒಗ್ಗರಣೆ. ಆಸ್ಕಿ ಲೆಕ್ಕ ಹೀಗಿದೆ: 15 ಸೆಕೆಂಡು ಅಥವಾ ಕಡಿಮೆ ಇರುವ ವಿಡಿಯೋದಲ್ಲಿ ಲೇಬಲ್ ಕನಿಷ್ಠ 3 ಸೆಕೆಂಡು ಇರಬೇಕು. ಅದಕ್ಕಿಂತ ಉದ್ದ, ಆದರೆ 2 ನಿಮಿಷದೊಳಗಿನದಾದರೆ ವಿಡಿಯೋದ ಮೂರನೇ ಒಂದು ಭಾಗ. 2 ನಿಮಿಷ ಮತ್ತು ಮೇಲ್ಪಟ್ಟದ್ದಾದರೆ ಆ ವಸ್ತುವಿನ ಬಗ್ಗೆ ಮಾತಾಡುವಷ್ಟು ಹೊತ್ತೂ. ನಿಮ್ಮ 48ರಲ್ಲಿ ಮೂರನೇ ಒಂದು ಅಂದರೆ 16 ಸೆಕೆಂಡು. ಇದು ಕನಿಷ್ಠ. ನನ್ನ ಸಲಹೆ, ಲೆಕ್ಕವೇ ಬೇಡ, 48 ಸೆಕೆಂಡೂ ಇರಲಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಲೇಬಲ್ ಎಲ್ಲಿ ಇಡಬೇಕು? ಕೆಳಗೆ ಬೇಡ. ಅಲ್ಲಿ ನಿಮ್ಮ ಹೆಸರು, ಕ್ಯಾಪ್ಷನ್ ಬಂದು ಮುಚ್ಚಿಬಿಡುತ್ತದೆ. ಬಲಗಡೆ ಕೆಳಗೆ ಲೈಕ್, ಶೇರ್ ಬಟನ್‌ಗಳು. ತೀರಾ ಮೇಲಿನ ಅಂಚಿನಲ್ಲೂ ಬೇಡ, ಕೆಲವು ಫೋನುಗಳಲ್ಲಿ ಕತ್ತರಿಸಿ ಹೋಗುತ್ತದೆ. ಮೇಲೆ ಎಡಗಡೆ, ಅಂಚಿನಿಂದ ಸ್ವಲ್ಪ ಕೆಳಗೆ. ಕಪ್ಪು ಪಟ್ಟಿಯ ಮೇಲೆ ಬಿಳಿ ಅಕ್ಷರ. ಪಟ್ಟಿ ಯಾಕೆ ಬೇಕು ಅನ್ನುವುದಕ್ಕೆ ನನ್ನದೇ ಒಂದು ಕೆಟ್ಟ ಅನುಭವ ಇದೆ. ಕೆಲವು ವರ್ಷದ ಹಿಂದೆ ಒಂದು ಪೀಠೋಪಕರಣ ಅಂಗಡಿಯ ರೀಲ್‌ನಲ್ಲಿ ಬಿಳಿ ಅಕ್ಷರದಲ್ಲಿ ‘ಜಾಹೀರಾತು’ ಅಂತ ಇತ್ತು. ಒಪ್ಪಂದದ ಪ್ರಕಾರ ಎಲ್ಲ ಸರಿ ಅಂತ ನಾನೇ ಸಹಿ ಹಾಕಿದ್ದೆ. ಆದರೆ ಅಂಗಡಿಯ ಗೋಡೆ ಬಿಳಿ. ಲೇಬಲ್ ಇದ್ದೂ ಇಲ್ಲದ ಹಾಗೆ. ವಿಡಿಯೋ ಹೋಗಿ ಎರಡು ದಿನಕ್ಕೆ ಒಬ್ಬರು ಆ ಹುಡುಗನಿಗೆ ‘ದುಡ್ಡು ತಗೊಂಡು ಮುಚ್ಚಿಟ್ಟಿದ್ದೀಯ’ ಅಂತ ಬರೆದರು. ಅವನು ಮುಚ್ಚಿಟ್ಟಿರಲಿಲ್ಲ, ಪಾಪ. ಆದರೆ ನೋಡಿದವರಿಗೆ ಕಾಣಲಿಲ್ಲ, ಆದ್ದರಿಂದ ಅವರು ಹೇಳಿದ್ದೂ ಸುಳ್ಳಲ್ಲ.

ಇನ್ನು ಮಾತು. ಮೊದಲ ನಾಲ್ಕೈದು ಸೆಕೆಂಡಿನಲ್ಲೇ ಶುರುವಾಗಲಿ, ಎಣ್ಣೆಯ ಹೊಗಳಿಕೆಗಿಂತ ಮುಂಚೆ. ಬೇರೆ ಕಾರ್ಡ್ ಹಾಕಿ, ಸಂಗೀತ ನಿಲ್ಲಿಸಿ ಹೇಳಬೇಕಾಗಿಲ್ಲ. ಬಾಣಲೆಗೆ ಎಣ್ಣೆ ಹಾಕುತ್ತಾ ನಿಮ್ಮ ಮಾಮೂಲಿ ದನಿಯಲ್ಲಿ ಹೇಳಿ: ‘ಈ ವಿಡಿಯೋ ಮಾಡೋದಕ್ಕೆ ಗಾಣದವರು ನನಗೆ ದುಡ್ಡು ಕೊಟ್ಟಿದ್ದಾರೆ. ಆರು ತಿಂಗಳಿಂದ ಎಣ್ಣೆನೂ ಅವರೇ ಉಚಿತವಾಗಿ ಕೊಡ್ತಿದ್ದಾರೆ. ನಮ್ಮ ಮನೇಲಿ ಬಳಸಿ ನೋಡಿ ಹೇಳ್ತಿದ್ದೀನಿ.’ ಇದನ್ನು ನಾನೇ ಗಡಿಯಾರ ಹಿಡಿದು ಓದಿ ನೋಡಿದೆ, ಹತ್ತು ಸೆಕೆಂಡಿನೊಳಗೆ ಮುಗಿಯುತ್ತದೆ. ಎಷ್ಟು ದುಡ್ಡು ಅಂತ ಹೇಳಬೇಕಾಗಿಲ್ಲ. ‘ಗಾಣದವರಿಗೆ ತುಂಬಾ ಧನ್ಯವಾದ’ ಅಂದರೆ ಸಾಲುವುದಿಲ್ಲ. ಹಾಲು ಹಾಕುವವರಿಗೂ ಧನ್ಯವಾದ ಹೇಳುತ್ತೇವೆ, ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ.

ಇದರ ಜೊತೆಗೆ ಆ್ಯಪ್‌ನಲ್ಲಿರುವ ಸೌಲಭ್ಯವನ್ನೂ ಆನ್ ಮಾಡಿ. ಇನ್‌ಸ್ಟಾಗ್ರಾಮ್‌ನಲ್ಲಿ ಹೆಸರಿನ ಹತ್ತಿರ Paid partnership ಅಂತ ಬರುತ್ತದೆ. ಯೂಟ್ಯೂಬ್‌ನಲ್ಲೂ ಹಾಕುವುದಾದರೆ, ಅಪ್‌ಲೋಡ್ ಮಾಡುವಾಗ Paid promotion ಅನ್ನುವಲ್ಲಿ ಟಿಕ್ ಮಾಡಿದರೆ ಶುರುವಿನಲ್ಲಿ ಸ್ವಲ್ಪ ಹೊತ್ತು ಸೂಚನೆ ಕಾಣುತ್ತದೆ. ಇವನ್ನು ಬಿಡಬೇಡಿ, ಆದರೆ ಇವನ್ನೇ ನಂಬಬೇಡಿ. ಅಕ್ಷರ ಸಣ್ಣದು, ದನಿ ಇಲ್ಲ, ಎಷ್ಟೋ ಫೋನುಗಳಲ್ಲಿ ಇಂಗ್ಲಿಷಿನಲ್ಲೇ ಕಾಣುತ್ತದೆ.

48 ಸೆಕೆಂಡೂ ಲೇಬಲ್ ಇರಲಿ ಅಂದೆನಲ್ಲ, ಕಾರಣ ಇದು. ವ್ಯಾಪಾರಿಗಳು ನಿಮ್ಮ ರೀಲನ್ನು ಹಾಗೇ ಬಿಡುವುದಿಲ್ಲ. ‘ಈ ಎಣ್ಣೆ ಹಾಕಿದ ಮೇಲೆ ಬೇರೆ ಎಣ್ಣೆ ಬೇಡ ಅನ್ಸುತ್ತೆ’ ಅಂತ ನೀವು ಹೇಳಿದ 12 ಸೆಕೆಂಡನ್ನು ಮಾತ್ರ ಕತ್ತರಿಸಿ ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕುತ್ತಾರೆ, ಅಂಗಡಿಯ ಟಿವಿಯಲ್ಲಿ ಓಡಿಸುತ್ತಾರೆ. ಮೊದಲ 16 ಸೆಕೆಂಡಿನಲ್ಲಿ ಮಾತ್ರ ಲೇಬಲ್ ಇದ್ದರೆ ಆ ತುಂಡಿನಲ್ಲಿ ಏನೂ ಉಳಿಯುವುದಿಲ್ಲ. ಆಗ ನಿಮ್ಮ ಮುಖ, ನಿಮ್ಮ ಮಾತು ಮಾತ್ರ ಇರುತ್ತದೆ, ದುಡ್ಡಿನ ವಿಷಯ ಮಾಯ. ಚಿತ್ರದ ಮೇಲೇ ಕೊನೆವರೆಗೂ ಇದ್ದರೆ ಎಲ್ಲಿ ಕತ್ತರಿಸಿದರೂ ಜೊತೆಗೆ ಹೋಗುತ್ತದೆ. ‘ಲೇಬಲ್ ಮುಚ್ಚಿ ಅಥವಾ ತೆಗೆದು ಬಳಸುವಂತಿಲ್ಲ’ ಅಂತ ಒಂದು ಸಾಲನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ. ದೊಡ್ಡ ಕರಾರು ಪತ್ರ ಬೇಕಿಲ್ಲ, ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ ‘ಒಪ್ಪಿದೆ’ ಅಂತ ಉತ್ತರ ಇಸ್ಕೊಂಡರೆ ಏನೂ ಇಲ್ಲದಿರುವುದಕ್ಕಿಂತ ಎಷ್ಟೋ ಮೇಲು.

ವ್ಯೂಸ್ ಬೀಳುತ್ತದಾ? ನಿಮಗೆ ಸುಮ್ನೆ ಸಮಾಧಾನ ಹೇಳುವುದಿಲ್ಲ. ಕೆಲವೊಮ್ಮೆ ಸ್ವಲ್ಪ ಕಡಿಮೆ ಬರುತ್ತದೆ. ಜಾಹೀರಾತು ಬೇಡ ಅನ್ನುವವರು ಮುಂದಕ್ಕೆ ಸರಿಸಿ ಹೋಗುತ್ತಾರೆ, ಹಾಗೆ ಹೋಗುವ ಹಕ್ಕು ಅವರಿಗಿದೆ. ಆದರೆ ನಾನು ನೋಡಿದ ಮಟ್ಟಿಗೆ ಜನ ಬಿಟ್ಟು ಹೋಗುವುದು ಲೇಬಲ್‌ನಿಂದಾಗಿ ಅಲ್ಲ, ಶುರುವಿನಿಂದಲೇ ಡಬ್ಬ ಎತ್ತಿ ಹಿಡಿದು ಮಾರಲು ನಿಲ್ಲುವುದರಿಂದ. ಸಾಸಿವೆ ಸಿಡಿಯುವ ಸದ್ದಿನಿಂದ ಶುರುಮಾಡಿ, ಅದರ ಮೇಲೆ ಲೇಬಲ್ ಇರಲಿ. ಚಿತ್ರಾನ್ನ ನೋಡಲು ಬಂದವರು ಚಿತ್ರಾನ್ನ ನೋಡಿಕೊಂಡೇ ಹೋಗುತ್ತಾರೆ.

ಇನ್ನೊಂದು ವಿಷಯ ನೀವು ಕೇಳಿಲ್ಲ, ಆದರೆ ಗಾಣದ ಎಣ್ಣೆ ಅಂದ ಕೂಡಲೇ ನನಗೆ ಅದೇ ಚಿಂತೆ. ಅವರು ಕಳಿಸುವ ಸ್ಕ್ರಿಪ್ಟ್‌ನಲ್ಲಿ ‘ಕೊಲೆಸ್ಟ್ರಾಲ್ ಇಳಿಯುತ್ತೆ’, ‘ಹಾರ್ಟಿಗೆ ಒಳ್ಳೇದು’, ‘ಶುಗರ್ ಇರೋರು ಇದನ್ನೇ ಬಳಸಿ’ ಅಂತ ಇದ್ದರೆ ಆ ಸಾಲುಗಳನ್ನು ಓದಬೇಡಿ. ‘ಜಾಹೀರಾತು’ ಅಂತ ಎಷ್ಟು ದೊಡ್ಡದಾಗಿ ಬರೆದರೂ ಒಳಗಿನ ಸುಳ್ಳಿಗೆ ಅದು ರಕ್ಷಣೆ ಆಗುವುದಿಲ್ಲ. ನಿಮಗೆ ಗೊತ್ತಿರುವುದು ರುಚಿ, ವಾಸನೆ, ಎಷ್ಟು ನೊರೆ ಬರುತ್ತದೆ, ಕರಿದರೆ ಹೇಗಿರುತ್ತದೆ ಅನ್ನುವುದು. ಅಷ್ಟನ್ನು ಹೇಳಿ. ದಾರಿ ತಪ್ಪಿಸುವ ಜಾಹೀರಾತಿಗೆ ಕಾಯ್ದೆಯಲ್ಲಿ ಮೊದಲ ಸಲ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಇದೆ. ಮಾತಾಡಿದವರನ್ನು ಒಂದು ವರ್ಷದವರೆಗೆ, ಮರುಕಳಿಸಿದರೆ ಮೂರು ವರ್ಷದವರೆಗೆ ಇಂಥ ಪ್ರಚಾರದಿಂದ ದೂರ ಇಡಲೂಬಹುದು. ಇವು ಗರಿಷ್ಠ ಮಿತಿ. ಎಷ್ಟು ಜನಕ್ಕೆ ತೊಂದರೆ ಆಯಿತು, ಎಷ್ಟು ಸಲ ಆಯಿತು, ಎಷ್ಟು ಮಾರಾಟ ಆಯಿತು ಅಂತ ನೋಡಿ ನಿರ್ಧರಿಸುತ್ತಾರೆ. ಹೇಳುವ ಮುಂಚೆ ನಿಜವಾಗಿ ವಿಚಾರಿಸಿದ್ದೆ ಅಂತ ನೀವು ತೋರಿಸಿದರೆ ಕಾಯ್ದೆ ನಿಮ್ಮನ್ನು ಬಿಡುತ್ತದೆ. ಹಾಗಾಗಿ ಕೇಳಿದ್ದು, ಅವರು ಉತ್ತರಿಸಿದ್ದು, ಎಲ್ಲ ಮೆಸೇಜ್‌ಗಳನ್ನೂ ಉಳಿಸಿಕೊಳ್ಳಿ.

ಈ ಹೊಣೆ ನಿಮ್ಮೊಬ್ಬರದ್ದೇ ಅಲ್ಲ, ಗಾಣದವರದ್ದೂ ಹೌದು. ಅವರ ಹತ್ತಿರ ಮಾತಾಡುವಾಗ ಇದನ್ನೇ ಹೇಳಿ. ಹೆಚ್ಚಿನ ಸಣ್ಣ ವ್ಯಾಪಾರಿಗಳಿಗೆ ಮೋಸ ಮಾಡುವ ಉದ್ದೇಶ ಇರುವುದಿಲ್ಲ, ಯಾರೋ ‘ವ್ಯೂಸ್ ಬೀಳುತ್ತೆ’ ಅಂದದ್ದನ್ನು ನಂಬಿರುತ್ತಾರೆ. ಗ್ರಾಹಕರು 1915ಕ್ಕೆ ಫೋನ್ ಮಾಡಬಹುದು, ದೂರನ್ನು ಚಿಕ್ಕಬಳ್ಳಾಪುರದ ಜಿಲ್ಲಾಧಿಕಾರಿಗೂ ಕೊಡಲು ಕಾಯ್ದೆಯಲ್ಲಿ ಅವಕಾಶ ಇದೆ ಅಂತ ತಿಳಿಸಿ. ಹೆದರಿಸುವ ದನಿ ಬೇಡ. ‘ಅಣ್ಣ, ನಾಳೆ ಯಾರಾದರೂ ಕೇಳಿದರೆ ಇಬ್ಬರಿಗೂ ಕಷ್ಟ’ ಅಂದರೆ ಸಾಕು, ಹೆಚ್ಚಿನವರು ಒಪ್ಪುತ್ತಾರೆ. ಒಪ್ಪದಿದ್ದರೆ ನಿಮ್ಮ ಮುಂದೆ ಎರಡು ದಾರಿ. 5,000 ಬಿಡುವುದು. ಅಥವಾ ದುಡ್ಡೂ ಬೇಡ, ಉಚಿತ ಎಣ್ಣೆಯೂ ಬೇಡ ಅಂತ ಹೇಳಿ, ಮುಂದೆ ನಿಮ್ಮ ದುಡ್ಡಿನಲ್ಲೇ ಕೊಂಡು, ಇಷ್ಟವಾದರೆ ತೋರಿಸುವುದು. ಎರಡನೆಯದನ್ನು ಆರಿಸಿಕೊಂಡರೂ ‘ಮೊದಲು ಅವರು ಉಚಿತವಾಗಿ ಕೊಡುತ್ತಿದ್ದರು, ಈಗ ನಾನೇ ಕೊಳ್ಳುತ್ತಿದ್ದೇನೆ’ ಅಂತ ಒಮ್ಮೆ ಹೇಳಿಬಿಡಿ. ‘ದುಡ್ಡು ತಗೊಂಡು ಲೇಬಲ್ ಬಿಟ್ಟುಬಿಡು’ ಅನ್ನುವ ಮೂರನೇ ದಾರಿಯನ್ನು ನಾನು ಯಾರಿಗೂ ಹೇಳುವುದಿಲ್ಲ.

ಹಳೇ ವಿಡಿಯೋಗಳು. ಆರು ತಿಂಗಳಲ್ಲಿ ಆ ಎಣ್ಣೆಯ ಹೆಸರು ಬಂದಿರುವ ರೀಲ್‌ಗಳನ್ನು ಒಂದು ಕಾಗದದಲ್ಲಿ ಪಟ್ಟಿ ಮಾಡಿ. ಡಬ್ಬ ಮೂಲೆಯಲ್ಲಿ ಸುಮ್ನೆ ಕಂಡದ್ದು ಬೇರೆ, ನೀವು ಹೊಗಳಿದ್ದು ಬೇರೆ. ಮೊದಲು ಹೊಗಳಿದವುಗಳನ್ನು ನೋಡಿ. ಹಾಕಿದ ರೀಲ್‌ನ ಕ್ಯಾಪ್ಷನ್ ತಿದ್ದಬಹುದು, ಆದರೆ ಚಿತ್ರದ ಮೇಲೆ ಹೊಸದಾಗಿ ಅಕ್ಷರ ಕೂರಿಸಲು ಆಗುವುದಿಲ್ಲ. ಹಾಗಾಗಿ ಹೆಚ್ಚು ಜನ ಈಗಲೂ ನೋಡುತ್ತಿರುವ ಒಂದೆರಡು ರೀಲ್‌ಗಳನ್ನು ತೆಗೆದು, ಲೇಬಲ್ ಮತ್ತು ಮಾತು ಸೇರಿಸಿ ಮತ್ತೆ ಹಾಕಿ. ಲೈಕ್, ಕಾಮೆಂಟ್ ಹೋಗುತ್ತವೆ, ಆ ನಷ್ಟ ಇದೆ. ಯಾರೂ ನೋಡದೆ ಕೆಳಗೆ ಹೋಗಿರುವವಕ್ಕೆ ಕ್ಯಾಪ್ಷನ್‌ನ ಮೊದಲ ಸಾಲಿನಲ್ಲೇ ‘ಜಾಹೀರಾತು: ಈ ಎಣ್ಣೆಯನ್ನು ಗಾಣದವರು ನನಗೆ ಉಚಿತವಾಗಿ ಕೊಟ್ಟಿದ್ದಾರೆ’ ಅಂತ ಸೇರಿಸಿ. ಇದು ಪೂರ್ತಿ ಸರಿಪಡಿಸಿದ ಹಾಗಲ್ಲ, ವಿಡಿಯೋದ ಒಳಗೆ ಇನ್ನೂ ಇಲ್ಲವಲ್ಲ. ಆದರೆ ಸುಮ್ಮನಿರುವುದಕ್ಕಿಂತ ಒಳ್ಳೆಯದು. ಒಂದು ಸ್ಟೋರಿ ಹಾಕಿ ಎಲ್ಲರಿಗೂ ಒಮ್ಮೆ ಹೇಳುವುದೂ ಒಳ್ಳೆಯದು. ಆದರೆ ಸ್ಟೋರಿ 24 ಗಂಟೆಗೆ ಹೋಗಿಬಿಡುತ್ತದೆ, ರೀಲ್ ಉಳಿಯುತ್ತದೆ. ಅದಕ್ಕೇ ರೀಲ್ ತಿದ್ದುವ ಕೆಲಸ ಮೊದಲು.

ಆ ಆಂಟಿಗೆ ಮಾತ್ರ ಇವೆಲ್ಲಕ್ಕೂ ಮುಂಚೆ, ಇವತ್ತೇ ಬರೆಯಿರಿ. ‘ಆಂಟಿ, ಆ ಎಣ್ಣೆ ನನಗೆ ಗಾಣದವರು ಉಚಿತವಾಗಿ ಕೊಡ್ತಿದ್ದಾರೆ, ವಿಡಿಯೋದಲ್ಲಿ ಹೇಳಬೇಕಿತ್ತು, ಹೇಳಿರಲಿಲ್ಲ. ನಮಗೆ ಇಷ್ಟ ಆಗಿದೆ ಅನ್ನೋದು ನಿಜ. ನೀವು ಒಂದು ಡಬ್ಬ ತೆಗೆದು ನೋಡಿ, ಹಿಡಿಸದಿದ್ದರೆ ಉಳಿದಿದ್ದನ್ನ ವಾಪಸ್ ತಗೋತಾರಾ ಅಂತ ನಾನೇ ಅವರನ್ನ ಕೇಳ್ತೀನಿ.’